ತಪ್ಪು ವರದಿಗೆ ಸಹಿ ಹಾಕಲ್ಲ ಅಂದರೆ ಎತ್ತಂಗಡಿಯೇ? ನಿಯಮ ಏನು ಹೇಳುತ್ತದೆ

ಮೇ, ಜೂನ್ ಬಂತು ಅಂದರೆ ತಾಲ್ಲೂಕು ಕಚೇರಿಗಳಲ್ಲಿ ಮಾತು ಒಂದೇ: ಯಾರು ಎಲ್ಲಿಗೆ ಹೋದರು, ಯಾರು ಬಂದರು. ಹೊರಗೆ ಜೆರಾಕ್ಸ್ ಅಂಗಡಿ ಮುಂದೆ ನಿಂತಿರುವ ರೈತನಿಗೆ ಇದು ಬೇರೆಯವರ ಮನೆ ವಿಚಾರದಂತೆ ಕಾಣುತ್ತದೆ. ಆದರೆ ಅವನ ಪೌತಿ ಖಾತೆ, ಅವನ ಬಗರ್ ಹುಕುಂ ಅರ್ಜಿ ಯಾರ ಕೈಯಲ್ಲಿದೆಯೋ ಅವರೇ ರಾತ್ರೋರಾತ್ರಿ ಬದಲಾದಾಗ ಕಡತ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದರಲ್ಲೂ ಆ ನೌಕರರು ಹೋಗಿದ್ದು "ಹೇಳಿದ ಹಾಗೆ ಬರೆಯಲಿಲ್ಲ" ಅನ್ನುವ ಕಾರಣಕ್ಕಾದರೆ, ಮುಂದೆ ಬರುವವರು ಏನು ಬರೆಯುತ್ತಾರೆ ಅನ್ನೋದು ಊರಿನ ಎಲ್ಲರಿಗೂ ಸಂಬಂಧಪಟ್ಟ ವಿಚಾರವೇ.

ಸರ್ಕಾರಿ ನೌಕರರು ಮೇಲಧಿಕಾರಿಯ ಮಾತನ್ನು ಎಲ್ಲಿಯವರೆಗೆ ಕೇಳಬೇಕು? ಕೇಳದಿದ್ದರೆ ಎತ್ತಂಗಡಿ ಮಾಡುವ ಅಧಿಕಾರ ಯಾರಿಗಿದೆ? ಆದೇಶ ಬಂದೇ ಬಿಟ್ಟರೆ ಏನು ದಾರಿ? ಒಂದು ಸಂಗತಿಯನ್ನು ಇಟ್ಟುಕೊಂಡು ನೋಡೋಣ. ಸಂಗತಿ ಕಲ್ಪಿತ, ನಿಯಮಗಳು ಕಲ್ಪಿತವಲ್ಲ.

ಒಂದು ಸರ್ವೆ ನಂಬರು, ಒಂದು ಫೋನ್ ಕರೆ

ಮಂಡ್ಯ ಜಿಲ್ಲೆಯ ಒಂದು ಹೋಬಳಿ. ಅಲ್ಲೊಬ್ಬರು ಗ್ರಾಮ ಆಡಳಿತಾಧಿಕಾರಿ, ಅಂದರೆ ನಾವು ಮೊದಲು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದ ಹುದ್ದೆಯವರು. ಆ ವೃತ್ತಕ್ಕೆ ಬಂದು ಎರಡು ವರ್ಷವಾಗಿದೆ. ಅವರ ಮುಂದೆ ನಮೂನೆ 57ರ ಒಂದು ಅರ್ಜಿ ಇದೆ. ಸರ್ಕಾರಿ ಜಮೀನನ್ನು ಅನಧಿಕೃತವಾಗಿ ಉಳುತ್ತಾ ಬಂದವರು ಸಕ್ರಮ ಮಾಡಿಕೊಡಿ ಎಂದು ಹಾಕುವ ಅರ್ಜಿ ಇದು. ಮುಖ್ಯ ಷರತ್ತು: 2005ರ ಜನವರಿ 1ಕ್ಕೆ ಮೊದಲಿನಿಂದಲೇ ಸಾಗುವಳಿ ಇರಬೇಕು.

ಇವರು ಸ್ಥಳಕ್ಕೆ ಹೋಗಿ ನೋಡುತ್ತಾರೆ. ಪಹಣಿಯಲ್ಲಿ ಗೋಮಾಳ ಅಂತಿದೆ. ಎರಡು ಎಕರೆಯ ತುಂಬ ಜಾಲಿ ಗಿಡ, ಲಂಟಾನ. ಒಂದು ಮೂಲೆಯಲ್ಲಿ ಮಾತ್ರ ಹೊಸದಾಗಿ ಟ್ರ್ಯಾಕ್ಟರ್ ಓಡಿಸಿದ ಗುರುತು, ಉರುಳಿಸಿದ ಪೊದೆ ಇನ್ನೂ ಪೂರ್ತಿ ಒಣಗಿಲ್ಲ. ಹಳೆಯ ಬದು ಇಲ್ಲ, ಬಾವಿ ಇಲ್ಲ, ಒಂದು ತೆಂಗಿನ ಮರವೂ ಇಲ್ಲ. ಪಕ್ಕದ ಹೊಲದವರು "ಮೊನ್ನೆ ಮೊನ್ನೆವರೆಗೂ ನಮ್ಮ ದನ ಇಲ್ಲೇ ಮೇಯ್ತಿದ್ವು" ಅನ್ನುತ್ತಾರೆ. ಅರ್ಜಿದಾರರ ಆಧಾರ್ ನೋಡಿದರೆ ಹುಟ್ಟಿದ ವರ್ಷ 1992. ಲೆಕ್ಕದ ದಿನಕ್ಕೆ ಅವರು ಹನ್ನೆರಡರ ಹುಡುಗ!

ಮಾರನೇ ದಿನ ಮೇಲಧಿಕಾರಿಯ ಫೋನ್. "ಏನಮ್ಮ, ಒಂದು ಸಾಲು ಬರೆಯೋಕೆ ಎಷ್ಟು ದಿನ? 2003ರಿಂದ ಸಾಗುವಳಿ ಅಂತ ಹಾಕಿ ಕಳಿಸು. ಮೇಲಿಂದ ಹೇಳಿದ್ದಾರೆ."

"ಸರ್, ಅಲ್ಲಿ ಜಾಲಿ ಬಿಟ್ರೆ ಏನೂ ಇಲ್ಲ ಸರ್. ಮಹಜರಿಗೆ ಪಂಚರೂ ಸಹಿ ಹಾಕಲ್ಲ."

"ಹಾಗಾದ್ರೆ ಬೀದರ್‌ಗೆ ಹೋಗೋಕೆ ರೆಡಿಯಾಗು."

ಆ ಒಂದು ಸಾಲಿಗೆ ಅಷ್ಟು ಬೆಲೆ ಯಾಕೆ? ಕಡತ ಹತ್ತುವ ಮೆಟ್ಟಿಲುಗಳಲ್ಲಿ ಜಮೀನನ್ನು ಮೊದಲು ಕಣ್ಣಾರೆ ನೋಡಿ ಬರೆಯುವವರು ಗ್ರಾಮ ಆಡಳಿತಾಧಿಕಾರಿ. ಆಮೇಲೆ ರಾಜಸ್ವ ನಿರೀಕ್ಷಕರು, ಶಿರಸ್ತೇದಾರರು, ತಹಶೀಲ್ದಾರರು, ಕೊನೆಗೆ ಶಾಸಕರ ಅಧ್ಯಕ್ಷತೆಯ ಬಗರ್ ಹುಕುಂ ಸಮಿತಿ. ಮೇಲಿನವರೂ ಪರಿಶೀಲಿಸಬೇಕು ನಿಜ. ಆದರೆ ನಾಳೆ ತನಿಖೆ ಬಂದರೆ ಎಲ್ಲರೂ ಬೆರಳು ತೋರಿಸುವುದು ಕೆಳಗಿನ ಷರಾ ಕಡೆಗೆ: "ಗ್ರಾಮ ಆಡಳಿತಾಧಿಕಾರಿಯ ವರದಿಯಂತೆ ಮುಂದುವರಿಸಲಾಗಿದೆ."

ಯಾವ ಆದೇಶವನ್ನು ಒಲ್ಲೆ ಅನ್ನಬಹುದು

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಇಷ್ಟವಿಲ್ಲದ ಆದೇಶವೆಲ್ಲ ಅಕ್ರಮ ಆದೇಶವಲ್ಲ. ಭಾನುವಾರ ಗಣತಿಗೆ ಹೋಗು, ಪಕ್ಕದ ವೃತ್ತವನ್ನೂ ನೋಡಿಕೋ, ಹದಿನೈದು ಕಡತ ವಾರದಲ್ಲಿ ಮುಗಿಸು ಅಂದರೆ ಕಷ್ಟವಾಗಬಹುದು, ಆದರೆ ಮಾಡಬೇಕು. ಹಾಗೆಯೇ ಮೇಲಧಿಕಾರಿಗೆ ತನ್ನದೇ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಇರುವ ಕಡೆ, ಕೆಳಗಿನವರು ತಮ್ಮ ಅಭಿಪ್ರಾಯವನ್ನು ಕಡತದಲ್ಲಿ ಬರೆದು ಮೇಲೆ ಕಳಿಸಬೇಕು. ಮೇಲಿನವರು ಅದನ್ನು ಒಪ್ಪದೆ ಬೇರೆ ಆದೇಶ ಮಾಡಿದರೆ ಅದು ಅವರ ಸಹಿ, ಅವರ ಜವಾಬ್ದಾರಿ.

ನಮ್ಮ ಸಂಗತಿ ಈ ಎರಡೂ ಅಲ್ಲ. ಕಾಣದ್ದನ್ನು ಕಂಡೆ ಅಂತ ತಮ್ಮದೇ ಸಹಿಯಲ್ಲಿ ಬರೆಯಿರಿ ಅನ್ನುತ್ತಿದ್ದಾರೆ. ಸರ್ಕಾರಿ ದಾಖಲೆಯನ್ನು ಗೊತ್ತಿದ್ದೂ ತಪ್ಪಾಗಿ ಸಿದ್ಧಪಡಿಸುವ ನೌಕರರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಭಾರತೀಯ ನ್ಯಾಯ ಸಂಹಿತೆಯಲ್ಲಿ ಪ್ರತ್ಯೇಕ ಕಲಮುಗಳೇ ಇವೆ. "ಸಾಹೇಬ್ರು ಹೇಳಿದ್ರು, ಅದಕ್ಕೆ ಬರೆದೆ" ಅನ್ನೋದು ಅಲ್ಲಿ ನಡೆಯೋದಿಲ್ಲ. ಮೇಲ್ನೋಟಕ್ಕೇ ಅಕ್ರಮ ಅಂತ ಗೊತ್ತಾಗುವ ಆದೇಶ, ಪಾಲಿಸಿದವರನ್ನು ಕಾಪಾಡುವುದಿಲ್ಲ.

ಗಮನಿಸಿ, ಇವರು ಅರ್ಜಿಯನ್ನು ತಡೆದಿಟ್ಟಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದು ಕಳಿಸುತ್ತೇನೆ ಅನ್ನುತ್ತಿದ್ದಾರೆ ಅಷ್ಟೇ. ಕಡತವನ್ನೇ ಮುಟ್ಟದೆ ಸುಮ್ನೆ ಕೂತರೆ ಅದು ಕರ್ತವ್ಯಲೋಪವಾಗುತ್ತದೆ, ಮೇಲಧಿಕಾರಿಗೆ ನೋಟಿಸ್ ಕೊಡಲು ಒಳ್ಳೆ ಕಾರಣವೂ ಸಿಗುತ್ತದೆ.

ಬಾಯಿಮಾತನ್ನು ಕಾಗದಕ್ಕೆ ತರುವುದು

ಇಂಥ ಆದೇಶ ಸಾಮಾನ್ಯವಾಗಿ ಬರವಣಿಗೆಯಲ್ಲಿ ಬರುವುದಿಲ್ಲ, ಅಲ್ವಾ? ಫೋನಿನಲ್ಲಿ ಬರುತ್ತದೆ, ಮೀಟಿಂಗ್ ಮುಗಿದ ಮೇಲೆ ಬಾಗಿಲ ಹತ್ತಿರ ಬರುತ್ತದೆ. ಬಾಯಿಮಾತಿನ ಆದೇಶ ಚೀಟಿ ಬರೆಸಿಕೊಳ್ಳದೆ ಕೊಟ್ಟ ಕೈಸಾಲ ಇದ್ದ ಹಾಗೆ. ನಾಳೆ ಅವರು "ನಾನು ಹೇಳೇ ಇಲ್ಲ" ಅಂದರೆ ಕಥೆ ಮುಗಿಯಿತು.

ರಾಜ್ಯ ಸರ್ಕಾರಿ ನೌಕರರ ನಡತೆ ನಿಯಮಗಳು ಈ ಜಾಗವನ್ನು ಬಿಟ್ಟಿಲ್ಲ. 1966ರ ಹಳೆಯ ನಿಯಮಗಳ ಬದಲಿಗೆ ಈಗ 2021ರ ನಿಯಮಗಳಿವೆ. ತಿರುಳು ಇಷ್ಟು: ನೌಕರರು ತಮ್ಮ ವಿವೇಚನೆಯಂತೆ ಕೆಲಸ ಮಾಡಬೇಕು. ಮೇಲಧಿಕಾರಿಯ ನಿರ್ದೇಶನದಂತೆ ಮಾಡುವುದಾದರೆ, ಸಾಧ್ಯವಿರುವ ಕಡೆ ಆ ನಿರ್ದೇಶನವನ್ನು ಬರವಣಿಗೆಯಲ್ಲಿ ಪಡೆಯಬೇಕು. ಆ ಹೊತ್ತಿಗೆ ಆಗದಿದ್ದರೆ ಆಮೇಲೆ ಬೇಗ ಲಿಖಿತ ದೃಢೀಕರಣ ಪಡೆಯಬೇಕು. ಅಂದರೆ "ಬರೆದು ಕೊಡಿ ಸರ್" ಅನ್ನೋದು ಉದ್ಧಟತನವಲ್ಲ, ನಿಯಮದ ಪಾಲನೆ. 2013ರ ಅಕ್ಟೋಬರ್‌ನಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದೇ ಮಾತು ಹೇಳಿತು: ಅಧಿಕಾರಿಗಳು ಮೌಖಿಕ ಸೂಚನೆಯ ಮೇಲೆ ಕೆಲಸ ಮಾಡಬಾರದು, ಸೂಚನೆ ಬಂದರೆ ದಾಖಲಿಸಬೇಕು.

ಹಾಗಾದರೆ ನಮ್ಮ ಗ್ರಾಮ ಆಡಳಿತಾಧಿಕಾರಿ ಏನು ಬರೆಯಬೇಕು? ಉದ್ದ ಬೇಡ, ಆರೋಪ ಬೇಡ, ಸಿಟ್ಟು ಬೇಡವೇ ಬೇಡ. ಹೀಗಿದ್ದರೆ ಸಾಕು:

"ಮೇಲ್ಕಂಡ ಸರ್ವೆ ನಂಬರಿನ ನಮೂನೆ 57ರ ಅರ್ಜಿಗೆ ಸಂಬಂಧಿಸಿದಂತೆ ತಾವು ಇಂದು ಬೆಳಿಗ್ಗೆ ದೂರವಾಣಿಯಲ್ಲಿ, 2003ರಿಂದ ಸಾಗುವಳಿ ಇರುವುದಾಗಿ ವರದಿ ಸಲ್ಲಿಸಲು ಸೂಚಿಸಿರುತ್ತೀರಿ. ಸ್ಥಳ ಪರಿಶೀಲನೆಯಲ್ಲಿ ಜಮೀನು ಜಾಲಿ ಗಿಡಗಳಿಂದ ಕೂಡಿದ್ದು, ಹಳೆಯ ಸಾಗುವಳಿಯ ಗುರುತು ಕಂಡುಬಂದಿರುವುದಿಲ್ಲ. ಫೋಟೋಗಳನ್ನು ಮತ್ತು ಅಕ್ಕಪಕ್ಕದ ಹಿಡುವಳಿದಾರರ ಹೇಳಿಕೆಯನ್ನು ಲಗತ್ತಿಸಿದೆ. ಆದ್ದರಿಂದ ಮುಂದಿನ ಕ್ರಮಕ್ಕೆ ಲಿಖಿತ ನಿರ್ದೇಶನ ನೀಡಬೇಕೆಂದು ಕೋರುತ್ತೇನೆ."

ಇದನ್ನು ಮೇಜಿನ ಮೇಲೆ ಇಟ್ಟು ಬಂದರೆ ಪ್ರಯೋಜನವಿಲ್ಲ. ಟಪಾಲು ಶಾಖೆಯಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ, ಸ್ವೀಕೃತಿ ಹಾಕಿಸಿಕೊಳ್ಳಬೇಕು. ಇ-ಆಫೀಸ್‌ನಲ್ಲಿ ಕಳಿಸಿದರೆ ಇನ್ನೂ ಒಳ್ಳೆಯದು. ಅಲ್ಲಿ ಯಾವ ದಿನ, ಎಷ್ಟು ಗಂಟೆಗೆ, ಯಾರ ಲಾಗಿನ್‌ನಿಂದ ಹೋಯಿತು ಅನ್ನುವುದು ತಾನಾಗಿಯೇ ಉಳಿಯುತ್ತದೆ. ಮುಂದೆ ಇಡೀ ಜಗಳ ದಿನಾಂಕಗಳ ಮೇಲೆ ನಿಲ್ಲುತ್ತದೆ. ಅದಕ್ಕೇ ಈ ಒಂದು ಕಾಗದದ ಬಗ್ಗೆ ಇಷ್ಟು ಹೇಳಿದ್ದು. ಹೆಚ್ಚಿನ ಸಲ ಇಂಥ ಪತ್ರಕ್ಕೆ ಉತ್ತರವೇ ಬರೋದಿಲ್ಲ. ಬರದಿರುವುದೂ ಒಂದು ಸಾಕ್ಷಿಯೇ.

"ಬೀದರ್‌ಗೆ ಹಾಕಿಸ್ತೀನಿ" ಅನ್ನುವ ಬೆದರಿಕೆಯ ಬಲ ಎಷ್ಟು

ಗ್ರಾಮ ಆಡಳಿತಾಧಿಕಾರಿ ಹುದ್ದೆ ಜಿಲ್ಲಾ ಮಟ್ಟದ್ದು. ನೇಮಕ ಮಾಡುವವರು ಜಿಲ್ಲಾಧಿಕಾರಿ, ಜ್ಯೇಷ್ಠತಾ ಪಟ್ಟಿಯೂ ಜಿಲ್ಲೆಯದೇ. ಹಾಗಾಗಿ ಮಂಡ್ಯದ ಗ್ರಾಮ ಆಡಳಿತಾಧಿಕಾರಿಯನ್ನು ಮಾಮೂಲಿ ವರ್ಗಾವಣೆಯಲ್ಲಿ ಬೀದರ್‌ಗೆ ಕಳಿಸಲು ಆಗೋದಿಲ್ಲ. ತಾಲ್ಲೂಕಿನ ಮೇಲಧಿಕಾರಿಗಂತೂ ವರ್ಗಾಯಿಸುವ ಅಧಿಕಾರವೇ ಇಲ್ಲ, ಶಿಫಾರಸು ಮಾಡಬಹುದು ಅಷ್ಟೇ. ತಹಶೀಲ್ದಾರ್ ಥರದ ರಾಜ್ಯ ಮಟ್ಟದ ಹುದ್ದೆಯವರ ಮಾತು ಬೇರೆ. ಅವರಿಗೆ ಬೀದರ್ ನಿಜಕ್ಕೂ ಬೀದರ್ರೇ.

ಆದರೆ ಜಿಲ್ಲೆಯೊಳಗೂ ಕಾಟ ಕೊಡಲು ಜಾಗ ಬೇಕಾದಷ್ಟಿದೆ. ಕೆ.ಆರ್. ಪೇಟೆ ಕಡೆ ಮನೆ ಮಾಡಿಕೊಂಡವರನ್ನು ಮಳವಳ್ಳಿಯ ಆಚೆ ತುದಿಗೆ ಹಾಕಿದರೆ, ದಿನಾ ಮಂಡ್ಯದಲ್ಲಿ ಬಸ್ ಬದಲಿಸಿ ಓಡಾಡಬೇಕು. ಸಣ್ಣ ಮಕ್ಕಳಿದ್ದರೆ ಆಯಿತು, ಮನೆಯೇ ಎತ್ತಬೇಕು.

ಇದಕ್ಕೆ ತಡೆ ಇದೆ. ವರ್ಗಾವಣೆ ಹೇಗೆ ಮಾಡಬೇಕು ಅನ್ನುವುದಕ್ಕೆ ಸರ್ಕಾರ 2013ರ ಜೂನ್ 7ರಂದು ಮಾರ್ಗಸೂಚಿ ಆದೇಶ ಹೊರಡಿಸಿದೆ. ಒಂದು ಜಾಗದಲ್ಲಿ ಕನಿಷ್ಠ ಇಷ್ಟು ವರ್ಷ ಇರಬೇಕು ಅಂತ ಅದರಲ್ಲಿದೆ: ಗ್ರೂಪ್ ಎ ಮತ್ತು ಬಿ ನೌಕರರಿಗೆ 2 ವರ್ಷ, ಗ್ರೂಪ್ ಸಿಗೆ 4 ವರ್ಷ, ಗ್ರೂಪ್ ಡಿಗೆ 7 ವರ್ಷ. ಗ್ರಾಮ ಆಡಳಿತಾಧಿಕಾರಿ ಗ್ರೂಪ್ ಸಿ. ನಮ್ಮವರಿಗೆ ಆಗಿರುವುದು ಎರಡೇ ವರ್ಷ. ಅವಧಿ ಮುಗಿಯುವ ಮುಂಚೆ ಎತ್ತಬೇಕಾದರೆ ಕಾರಣ ದಾಖಲಿಸಿ, ಮುಖ್ಯಮಂತ್ರಿಗಳ ಪೂರ್ವಾನುಮೋದನೆ ಪಡೆಯಬೇಕು. ಈ ಅನುಮೋದನೆ ಕಡತದಲ್ಲಿ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಎಷ್ಟೋ ಪ್ರಕರಣಗಳ ಹಣೆಬರಹ ನಿಂತಿರುತ್ತದೆ. ಶಿಕ್ಷಕರಿಗೆ ಇದು ಅನ್ವಯಿಸೋದಿಲ್ಲ, ಅವರಿಗೆ ಪ್ರತ್ಯೇಕ ಕಾಯ್ದೆಯೇ ಇದೆ.

ಇನ್ನೆರಡು ಅಡ್ಡದಾರಿಗಳ ಬಗ್ಗೆ ಎಚ್ಚರ ಬೇಕು. ಒಂದು, ನಿಯೋಜನೆ. ವರ್ಗಾವಣೆ ಅಂತ ಕರೆಯದೆ "ಸದ್ಯಕ್ಕೆ ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ" ಅಂತ ಹೇಳಿ ವೃತ್ತವನ್ನು ಇನ್ನೊಬ್ಬರಿಗೆ ವಹಿಸುತ್ತಾರೆ. ಇದಕ್ಕೂ ಲಿಖಿತ ಆದೇಶ ಕೇಳಬೇಕು. ಎರಡನೆಯದು ಇನ್ನೂ ನಾಜೂಕು: "ಯಾಕೆ ಗಲಾಟೆ, ನೀವೇ ಒಂದು ಕೋರಿಕೆ ಅರ್ಜಿ ಕೊಡಿ, ಒಳ್ಳೆ ಜಾಗ ಕೊಡಿಸ್ತೀನಿ" ಅನ್ನುತ್ತಾರೆ. ಆ ಅರ್ಜಿಗೆ ಸಹಿ ಬಿದ್ದ ಕೂಡಲೇ ಅದು ಸ್ವಂತ ಕೋರಿಕೆಯ ವರ್ಗಾವಣೆ. ನೀವೇ ಕೇಳಿದ್ದನ್ನು ನೀವೇ ಪ್ರಶ್ನಿಸುವುದು ಹೇಗೆ?

ವರ್ಗಾವಣೆ ಶಿಕ್ಷೆಯಲ್ಲ, ಅದೇ ತೊಡಕು

ನೌಕರರಿಗೆ ಯಾವ ಯಾವ ಶಿಕ್ಷೆ ಕೊಡಬಹುದು ಅನ್ನುವ ಪಟ್ಟಿ 1957ರ ಸಿಸಿಎ, ಅಂದರೆ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳ 8ನೇ ನಿಯಮದಲ್ಲಿದೆ. ವಾಗ್ದಂಡನೆ, ಇನ್‌ಕ್ರಿಮೆಂಟ್ ತಡೆ, ಬಡ್ತಿ ತಡೆ, ಹಿಂಬಡ್ತಿ, ಕಡ್ಡಾಯ ನಿವೃತ್ತಿ, ವಜಾ, ಹೀಗೆ ಹೋಗುತ್ತದೆ. ವರ್ಗಾವಣೆ ಆ ಪಟ್ಟಿಯಲ್ಲೇ ಇಲ್ಲ. ಕಾನೂನಿನ ಕಣ್ಣಿಗೆ ಅದು ಸೇವೆಯ ಒಂದು ಮಾಮೂಲಿ ಭಾಗ.

ಇದರಿಂದ ಎರಡು ಪರಿಣಾಮಗಳಿವೆ, ಒಂದಕ್ಕೊಂದು ವಿರುದ್ಧ. ಶಿಕ್ಷೆ ಕೊಡಬೇಕಾದರೆ ನೋಟಿಸ್ ಕೊಡಬೇಕು, ವಿವರಣೆ ಕೇಳಬೇಕು, ದೊಡ್ಡ ಶಿಕ್ಷೆಯಾದರೆ ಇಲಾಖಾ ವಿಚಾರಣೆಯನ್ನೂ ನಡೆಸಬೇಕು. ವರ್ಗಾವಣೆಗೆ ಇದ್ಯಾವುದೂ ಬೇಡ, "ಸಾರ್ವಜನಿಕ ಹಿತದೃಷ್ಟಿಯಿಂದ" ಅನ್ನುವ ಎರಡು ಪದ ಸಾಕು. ಕೋಪ ಇರುವವರ ಕೈಗೆ ಇದು ಸುಲಭವಾಗಿ ಸಿಗುವ ದೊಣ್ಣೆಯಾಗಿರುವುದು ಇದೇ ಕಾರಣಕ್ಕೆ. ಇನ್ನೊಂದು ಕಡೆ, ಪಟ್ಟಿಯಲ್ಲಿ ಇಲ್ಲದಿರುವುದರಿಂದಲೇ ಅದನ್ನು ಶಿಕ್ಷೆಯಾಗಿ ಬಳಸುವ ಹಾಗಿಲ್ಲ. 2008ರಲ್ಲಿ ಸೋಮೇಶ್ ತಿವಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಕೇಂದ್ರ ಅಬಕಾರಿ ಇಲಾಖೆಯ ಅಧಿಕಾರಿಯೊಬ್ಬರನ್ನು ಸಹಿಯಿಲ್ಲದ ದೂರೊಂದರ ಹಿನ್ನೆಲೆಯಲ್ಲಿ ಭೋಪಾಲ್‌ನಿಂದ ಎತ್ತಿದ್ದರು. ದೂರಿನಲ್ಲಿ ಹುರುಳಿಲ್ಲ ಅಂತ ತನಿಖೆಯಲ್ಲಿ ಗೊತ್ತಾಗಿತ್ತು. ಶಿಕ್ಷೆಯ ಬದಲಿಗೆ ಮಾಡಿದ ವರ್ಗಾವಣೆ ಕಾನೂನುಬಾಹಿರ ಎಂದು ನ್ಯಾಯಾಲಯ ಆದೇಶವನ್ನು ರದ್ದು ಮಾಡಿತು.

ಕಾಗದದಲ್ಲಿ "ಸಾರ್ವಜನಿಕ ಹಿತ" ಅಂತಲೇ ಇರುವಾಗ ಇದು ಶಿಕ್ಷೆ ಅಂತ ಗುರುತಿಸುವುದು ಹೇಗೆ? ನಮ್ಮ ಸಂಗತಿಯನ್ನೇ ತೆಗೆದುಕೊಳ್ಳಿ. ಲಿಖಿತ ನಿರ್ದೇಶನ ಕೇಳಿದ ಪತ್ರ ಹೋದದ್ದು ಸೋಮವಾರ. ವರ್ಗಾವಣೆಗೆ ಶಿಫಾರಸು ಹೊರಟಿದ್ದು ಗುರುವಾರ. ಎರಡು ವರ್ಷದಲ್ಲಿ ಒಂದೂ ದೂರಿಲ್ಲ, ಒಂದೂ ನೋಟಿಸ್ ಇಲ್ಲ. ಅವಧಿ ಮುಗಿದಿಲ್ಲ. ಆ ವೃತ್ತಕ್ಕೆ ಬಂದವರು ವಾರದೊಳಗೆ ಅದೇ ಅರ್ಜಿಗೆ "2003ರಿಂದ ಸಾಗುವಳಿ" ಅಂತ ಷರಾ ಹಾಕಿದ್ದಾರೆ. ಒಂದೊಂದನ್ನೇ ನೋಡಿದರೆ ಏನೂ ಸಾಬೀತಾಗೋದಿಲ್ಲ. ಸಾಲಾಗಿ ಜೋಡಿಸಿ ದಿನಾಂಕ ಹಾಕಿದಾಗ ಮಾತನಾಡುತ್ತವೆ.

ಈ ದಾಖಲೆಗಳನ್ನು ಪಡೆಯಲು ಮಾಹಿತಿ ಹಕ್ಕು ಇದೆ. ನೌಕರರೂ ನಾಗರಿಕರೇ, ಅರ್ಜಿ ಹಾಕಬಹುದು. ಬರೀ ಆದೇಶದ ಪ್ರತಿ ಕೇಳಿದರೆ ಸಾಲದು. ವರ್ಗಾವಣೆ ಕಡತದ ಟಿಪ್ಪಣಿ ಹಾಳೆ, ಶಿಫಾರಸು ಪತ್ರ, ಮುಖ್ಯಮಂತ್ರಿಗಳ ಅನುಮೋದನೆಯ ಪ್ರತಿ ಎಂದು ಬಿಡಿಸಿ ಕೇಳಬೇಕು. ಉತ್ತರಕ್ಕೆ 30 ದಿನ ಕಾಲಾವಕಾಶ ಇರುವುದರಿಂದ, ಇದರ ಮೇಲೊಂದೇ ಭರವಸೆ ಇಟ್ಟು ಕಾಯುವುದು ಮಾತ್ರ ಬೇಡ.

ಆದೇಶ ಕೈಗೆ ಬಂದ ಮೇಲೆ

ಇಲ್ಲಿ ದಿನಗಳಲ್ಲ, ಗಂಟೆಗಳು ಲೆಕ್ಕಕ್ಕೆ ಬರುತ್ತವೆ. ರಾಜ್ಯ ಸರ್ಕಾರಿ ನೌಕರರು ಸೇವಾ ವಿಷಯಕ್ಕೆ ನೇರವಾಗಿ ಹೈಕೋರ್ಟಿಗೆ ಹೋಗುವ ಹಾಗಿಲ್ಲ. ಮೊದಲು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು. ನೌಕರರ ಬಾಯಲ್ಲಿ ಅದು ಕೆಎಟಿ. 1986ರಿಂದ ಇದೆ. ಬೆಳಗಾವಿ, ಕಲಬುರಗಿಯಲ್ಲೂ ಪೀಠಗಳಿವೆ, ಮೈಸೂರು ಮತ್ತು ಮಂಡ್ಯದವರಿಗೆ ಬೆಂಗಳೂರಿನದು. ಅರ್ಜಿ ಹಾಕಲು ಒಂದು ವರ್ಷದ ಕಾಲಮಿತಿ ಇದೆ ಅಂತ ಕಾಯ್ದೆಯಲ್ಲಿದ್ದರೂ ವರ್ಗಾವಣೆಯಲ್ಲಿ ಅದನ್ನು ನಂಬಿ ಕೂತರೆ ಕೆಟ್ಟಂತೆ. ಕರ್ತವ್ಯದಿಂದ ಬಿಡುಗಡೆಯಾಗಿ, ಪ್ರಭಾರ ಹಸ್ತಾಂತರಕ್ಕೆ ಸಹಿಯಾಗಿ, ಹೊಸಬರು ಕುರ್ಚಿಯಲ್ಲಿ ಕೂತ ಮೇಲೆ ತಡೆಯಾಜ್ಞೆ ಸಿಗುವುದು ಕಷ್ಟ. ಆದ್ದರಿಂದ ಆದೇಶ ಹೊರಡಿಸಿದ ಅಧಿಕಾರಿಗೆ ಅಂದೇ ಒಂದು ಮನವಿ, ಮಾರನೇ ದಿನವೇ ವಕೀಲರ ಬಳಿ.

ಎದುರಿನವರ ವಾದ ಕೇಳದೆ ನ್ಯಾಯಮಂಡಳಿ ತಡೆ ಕೊಟ್ಟರೆ ಅದರ ಆಯಸ್ಸು 14 ದಿನ. ಅಷ್ಟರೊಳಗೆ ಸರ್ಕಾರದ ಕಡೆಯವರು ಕಡತ ತಂದು ಉತ್ತರ ಹೇಳಬೇಕು. ಮೇಲಧಿಕಾರಿ ದ್ವೇಷದಿಂದ ಮಾಡಿಸಿದರು ಅನ್ನುವುದಾದರೆ, ಅವರನ್ನು ಹುದ್ದೆಯಿಂದಲ್ಲ, ಹೆಸರು ಹಿಡಿದೇ ಎದುರುದಾರರನ್ನಾಗಿ ಮಾಡಬೇಕು. ಆರೋಪಕ್ಕೆ ಉತ್ತರಿಸುವ ಅವಕಾಶ ಅವರಿಗೂ ಸಿಗಬೇಕಲ್ಲ. "ನನ್ನ ಕಂಡರೆ ಅವರಿಗೆ ಆಗೋದಿಲ್ಲ" ಅನ್ನುವಷ್ಟರಿಂದ ಕೆಲಸ ಆಗುವುದಿಲ್ಲ. ಟಪಾಲು ಸೀಲಿನ ಆ ಪ್ರತಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಅಲ್ಲಿಯವರೆಗೆ ಹೊಸ ಜಾಗಕ್ಕೆ ಹೋಗದೆ ಮನೆಯಲ್ಲಿ ಕೂರಬಹುದೇ? ಕೂರಬಾರದು. ಮನವಿ ಕೊಟ್ಟಿದ್ದೇನೆ ಅನ್ನುವ ಒಂದೇ ಕಾರಣಕ್ಕೆ ವರ್ಗಾವಣೆ ಆದೇಶವನ್ನು ಪಾಲಿಸದೆ ಇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ, ಗುಜರಾತ್ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ತಡೆಯಾಜ್ಞೆ ಸಿಗದಿದ್ದರೆ ಹೋಗಿ ವರದಿ ಮಾಡಿಕೊಳ್ಳಬೇಕು, ಕೇಸು ಪಾಡಿಗೆ ಕೇಸು ನಡೆಯುತ್ತದೆ. ಹೋಗದಿದ್ದರೆ ಅನಧಿಕೃತ ಗೈರುಹಾಜರಿ ಅಂತಾಗುತ್ತದೆ. ಆಗ ನಿಜವಾದ ಶಿಕ್ಷೆಯ ಪಟ್ಟಿ ತೆರೆಯುತ್ತದೆ, ಅದೂ ನಿಯಮಬದ್ಧವಾಗಿ.

ಲೋಕಾಯುಕ್ತಕ್ಕೆ ಹೋಗಬಹುದಲ್ಲ ಅಂತ ಹಲವರು ಕೇಳುತ್ತಾರೆ. ವರ್ಗಾವಣೆಯ ಕುಂದುಕೊರತೆಗೆ ಅದು ಜಾಗವಲ್ಲ. ನೌಕರರ ಸೇವಾ ಷರತ್ತಿನ ವಿಚಾರಗಳನ್ನು 1984ರ ಲೋಕಾಯುಕ್ತ ಕಾಯ್ದೆ ಹೊರಗಿಟ್ಟಿದೆ. ಆದರೆ ಸುಳ್ಳು ವರದಿ ಬರೆಸಿ ಗೋಮಾಳ ಹೊಡೆಯಲು ಯತ್ನಿಸಿದ್ದು ಬೇರೆಯೇ ಆರೋಪ. ಅದಕ್ಕೆ ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದ ಜೊತೆ ದೂರು ಕೊಡಬಹುದು. ನೌಕರರೇ ಕೊಡಬೇಕು ಅಂತೇನೂ ಇಲ್ಲ, ಆ ಗೋಮಾಳದಲ್ಲಿ ದನ ಮೇಯಿಸುವ ಊರಿನವರೂ ಕೊಡಬಹುದು.

ಗೆದ್ದರೂ ಗೆಲುವು ಎಷ್ಟು

ನ್ಯಾಯಾಲಯಗಳು ವರ್ಗಾವಣೆಯಲ್ಲಿ ಕೈಹಾಕಲು ಹಿಂಜರಿಯುತ್ತವೆ. ಯಾರು ಎಲ್ಲಿರಬೇಕು ಅನ್ನುವುದು ಆಡಳಿತದ ಕೆಲಸ, ದುರುದ್ದೇಶ ಅಥವಾ ನಿಯಮದ ಉಲ್ಲಂಘನೆ ಕಂಡರೆ ಮಾತ್ರ ತಾವು ಬರುತ್ತೇವೆ ಅನ್ನುವುದು ಅವುಗಳ ನಿಲುವು. ಇವೆರಡರಲ್ಲಿ ದುರುದ್ದೇಶವನ್ನು ಸಾಬೀತು ಮಾಡುವುದು ತುಂಬ ಕಷ್ಟ. ನಿಯಮದ ಉಲ್ಲಂಘನೆ ತೋರಿಸುವುದು ಸುಲಭ: ಕಡತ ತೆಗೆದು ನೋಡಿದರೆ ಅನುಮೋದನೆ ಇರುತ್ತದೆ ಅಥವಾ ಇರೋದಿಲ್ಲ. ಹಾಗಾಗಿ ಅನುಭವಿ ವಕೀಲರು "ಅವಧಿಪೂರ್ವ ವರ್ಗಾವಣೆ, ಅನುಮೋದನೆ ಇಲ್ಲ" ಅನ್ನುವುದನ್ನು ಮೊದಲು ಇಟ್ಟು, ದ್ವೇಷದ ಕಥೆಯನ್ನು ಆಮೇಲೆ ಹೇಳುತ್ತಾರೆ.

ಇದರಲ್ಲಿ ಒಂದು ಕೊರತೆ ಇದೆ. ಅನುಮೋದನೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಆದೇಶ ರದ್ದಾದರೆ, ಸುಳ್ಳು ವರದಿಗೆ ಒತ್ತಾಯಿಸಿದ್ದು ನಿಜವೋ ಸುಳ್ಳೋ ಅನ್ನುವ ಪ್ರಶ್ನೆಯನ್ನು ನ್ಯಾಯಮಂಡಳಿ ಮುಟ್ಟದೇ ಇರಬಹುದು. ಅನುಮೋದನೆ ಪಡೆದು ಹೊಸ ಆದೇಶ ಮಾಡುವ ದಾರಿಯೂ ತೆರೆದೇ ಇರುತ್ತದೆ. ಎರಡನೇ ಸಲ ಹಾಗೇನಾದರೂ ಬಂದರೆ, ಮೊದಲ ಕೇಸಿನ ತೀರ್ಪು, ಹಳೆಯ ಪತ್ರ, ಹೊಸ ಆದೇಶದ ದಿನಾಂಕ ಮೂರನ್ನೂ ಇಟ್ಟುಕೊಂಡು ಮತ್ತೆ ಅದೇ ನ್ಯಾಯಮಂಡಳಿಗೆ ಹೋಗಬೇಕು. ಅಲ್ಲಿ ಸೋತರೆ ಹೈಕೋರ್ಟಿನ ವಿಭಾಗೀಯ ಪೀಠ. ಎದುರಿನವರು ಸೋತರೆ ಅವರಿಗೂ ಅದೇ ಬಾಗಿಲು.